‘ಲಿಂಕ್ ಕಳುಹಿಸಲಾಗಿದೆ’ ಅಂದರೆ ತಲುಪಿದೆ ಅಂತಲ್ಲ

2025ರ ಸೆಪ್ಟೆಂಬರ್ 12, ಶುಕ್ರವಾರ. ಬೆಳಗ್ಗೆ 11 ಗಂಟೆಗೆ ಅಕ್ಕನ ಮಗಳು ಫೋನ್ ಮಾಡಿದಳು. ದನಿಯಲ್ಲಿ ಅಳು ಇತ್ತು. “ಮಾಮ, ಪಾಸ್‌ವರ್ಡ್ ಮರೆತುಹೋಗಿದೆ. ರೀಸೆಟ್ ಕೊಟ್ಟರೆ ಮೇಲ್ ಬರ್ತಾನೇ ಇಲ್ಲ. ನಾಲ್ಕು ಸಲ ಒತ್ತಿದೆ. ಇವತ್ತು ಸಂಜೆ ಐದಕ್ಕೆ ಕ್ಲೋಸ್.”

ಅವಳು ಅರ್ಜಿ ಹಾಕುತ್ತಿದ್ದದ್ದು ಒಂದು ಖಾಸಗಿ ಸಂಸ್ಥೆಯ ವಿದ್ಯಾರ್ಥಿವೇತನಕ್ಕೆ. ಡಿಗ್ರಿಯ ಉಳಿದ ಎರಡು ವರ್ಷದ ಫೀಸು ಅದರಿಂದಲೇ ಆಗಬೇಕಿತ್ತು. ಆರು ವಾರದ ಹಿಂದೆ ಊರಿನ ಸೈಬರ್ ಸೆಂಟರಿನಲ್ಲಿ ಹೆಸರು ನೋಂದಾಯಿಸಿದ್ದಳು. ಅಂಕಪಟ್ಟಿ ಕೈಗೆ ಬಂದಮೇಲೆ ಅಪ್‌ಲೋಡ್ ಮಾಡಿದರಾಯಿತು ಅಂತ ಬಿಟ್ಟಿದ್ದಳು. ಸೈಬರ್‌ನವರು ಚೀಟಿಯಲ್ಲಿ ಬರೆದುಕೊಟ್ಟ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ. ‘ಪಾಸ್‌ವರ್ಡ್ ಮರೆತಿರಾ?’ ಒತ್ತಿದಾಗೆಲ್ಲ ಪರದೆಯ ಮೇಲೆ ಒಂದೇ ಉತ್ತರ: ಈ ಇಮೇಲ್ ನಮ್ಮಲ್ಲಿ ನೋಂದಣಿಯಾಗಿದ್ದರೆ ಲಿಂಕ್ ಕಳುಹಿಸಲಾಗಿದೆ.

ನಾನು ಹಲವು ವರ್ಷ ಮೇಲ್ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡಿದವನು. ಆ ವಾಕ್ಯ ಕೇಳಿದ ಕೂಡಲೇ ನನ್ನ ಗಮನ ಹೋದದ್ದು ಅದರೊಳಗಿನ ‘ಆಗಿದ್ದರೆ’ ಅನ್ನೋ ಪದದ ಕಡೆಗೆ. ಆವತ್ತು ಮಧ್ಯಾಹ್ನದವರೆಗೆ ನಾವಿಬ್ಬರೂ ಹುಡುಕಿದಾಗ ಸಿಕ್ಕಿದ್ದು ಒಂದಲ್ಲ, ಮೂರು ಬೇರೆ ಬೇರೆ ಕಾರಣ, ಒಂದರ ಹಿಂದೆ ಒಂದು. ಹೊರಗಿನಿಂದ ನೋಡಿದರೆ ಮೂರೂ ಒಂದೇ: ಮೇಲ್ ಬಂದಿಲ್ಲ. ಆದರೆ ಒಂದೊಂದಕ್ಕೂ ಮಾಡಬೇಕಾದ್ದು ಬೇರೆ. ಒಂದಕ್ಕೆ ಮಾಡಬೇಕಾದ್ದನ್ನು ಇನ್ನೊಂದಕ್ಕೆ ಮಾಡಿದರೆ ಪರಿಸ್ಥಿತಿ ಇನ್ನಷ್ಟು ಕೆಡುತ್ತದೆ.

ಮೊದಲ ಕಾರಣ: ಒಂದು ಚುಕ್ಕೆ

ಮೊದಲು ಅವಳಿಗೆ ಜಿಮೇಲ್‌ನ ಹುಡುಕುವ ಜಾಗದಲ್ಲಿ `in:anywhere` ಅಂತ ಟೈಪ್ ಮಾಡಿ, ಪಕ್ಕದಲ್ಲಿ ಆ ಜಾಲತಾಣದ ಹೆಸರು ಹಾಕು ಅಂದೆ. ಜಿಮೇಲ್‌ನಲ್ಲಿ ಸುಮ್ಮನೆ ಹುಡುಕಿದರೆ ಸ್ಪ್ಯಾಮ್ ಮತ್ತು ಕಸದ ಬುಟ್ಟಿಯನ್ನು ಅದು ನೋಡುವುದಿಲ್ಲ. ಈ ಎರಡು ಪದ ಸೇರಿಸಿದರೆ ಎಲ್ಲ ಕಡೆ ನೋಡುತ್ತದೆ. ಅವಳು ಇನ್‌ಬಾಕ್ಸ್ ಮಾತ್ರ ಹತ್ತಾರು ಸಲ ಎಳೆದೆಳೆದು ನೋಡಿದ್ದಳು. ಈಗ ಹುಡುಕಿದರೂ ಏನೂ ಸಿಗಲಿಲ್ಲ. ಇವತ್ತಿನ ಮೇಲೂ ಇಲ್ಲ, ನೋಂದಣಿ ಮಾಡಿದ ದಿನದ ಸ್ವಾಗತದ ಮೇಲೂ ಇಲ್ಲ.

ಈ ಎರಡನೆಯದೇ ದೊಡ್ಡ ಸುಳಿವು. ನೋಂದಣಿಯಾದ ಕೂಡಲೇ ಬಹುತೇಕ ಜಾಲತಾಣಗಳು ಒಂದು ಮೇಲ್ ಕಳಿಸುತ್ತವೆ. ಅದು ನಿಮ್ಮ ಪೆಟ್ಟಿಗೆಯಲ್ಲಿ ಇದ್ದರೆ ನಿಮ್ಮ ವಿಳಾಸ ಅವರಲ್ಲಿ ಸರಿಯಾಗಿದೆ, ತೊಂದರೆ ದಾರಿಯಲ್ಲಿದೆ. ಅದೂ ಇಲ್ಲದಿದ್ದರೆ ವಿಳಾಸದ ಮೇಲೇ ಮೊದಲು ಅನುಮಾನ ಪಡಬೇಕು. ಆದರೆ ಇಲ್ಲೊಂದು ಎಚ್ಚರ ಬೇಕು. ಜಿಮೇಲ್ ಸ್ಪ್ಯಾಮ್‌ಗೆ ಹೋದ ಮೇಲನ್ನು 30 ದಿನ ಆದಮೇಲೆ ತಾನಾಗಿ ಅಳಿಸುತ್ತದೆ. ಇವಳು ನೋಂದಾಯಿಸಿ ಆರು ವಾರ ಆಗಿತ್ತು. ಆ ಮೇಲ್ ಸ್ಪ್ಯಾಮ್‌ಗೆ ಬಂದು ಅಳಿಸಿಹೋಗಿರಲೂಬಹುದು.

“ಸೈಬರ್‌ನಲ್ಲಿ ಪ್ರಿಂಟ್ ಏನಾದರೂ ಕೊಟ್ಟಿದ್ರಾ?” ಅಂತ ಕೇಳಿದೆ. ಕೊಟ್ಟಿದ್ದರು. ಒಂದು ಪುಟದ ಸ್ವೀಕೃತಿ ಪತ್ರ. ಅದರಲ್ಲಿದ್ದ ಇಮೇಲನ್ನು ಒಂದೊಂದೇ ಅಕ್ಷರವಾಗಿ ಓದು ಅಂದೆ. ಹೆಸರು, ಆಮೇಲೆ ಇನಿಷಿಯಲ್, ಆಮೇಲೆ ಎರಡು ಅಂಕಿ. ಅವಳು ಯಾವಾಗಲೂ ತನ್ನ ವಿಳಾಸ ಬರೆಯುವುದು ಹೆಸರು, ಚುಕ್ಕೆ, ಇನಿಷಿಯಲ್, ಎರಡು ಅಂಕಿ ಅಂತ. ಪ್ರಿಂಟಿನಲ್ಲಿ ಚುಕ್ಕೆ ಇರಲಿಲ್ಲ.

“ಆದರೆ ಮಾಮ, ಚುಕ್ಕೆ ಇಲ್ಲದಿದ್ದರೂ ನನಗೆ ಮೇಲ್ ಬರುತ್ತಲ್ಲ?” ಅಂದಳು. ಸರಿಯಾದ ಪ್ರಶ್ನೆ. ಜಿಮೇಲ್ ವಿಳಾಸದಲ್ಲಿ @ ಚಿಹ್ನೆಗೆ ಮೊದಲು ಬರುವ ಚುಕ್ಕೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚುಕ್ಕೆ ಇದ್ದರೂ ಇಲ್ಲದಿದ್ದರೂ ಪತ್ರ ಅದೇ ಪೆಟ್ಟಿಗೆಗೆ ಬರುತ್ತದೆ. ಆದರೆ ಆ ನಿಯಮ ಜಿಮೇಲ್‌ನದು, ವಿದ್ಯಾರ್ಥಿವೇತನದ ಜಾಲತಾಣದ್ದಲ್ಲ. ಅದು ತನ್ನ ಪಟ್ಟಿಯಲ್ಲಿರುವ ವಿಳಾಸವನ್ನೂ ನೀವು ಈಗ ಟೈಪ್ ಮಾಡಿದ್ದನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತದೆ. ಒಂದು ಚುಕ್ಕೆ ಹೆಚ್ಚಿದ್ದರೆ ಅದರ ಪಾಲಿಗೆ ಇದು ಬೇರೆ ಯಾರದೋ ವಿಳಾಸ. ಅಂದರೆ ಅವಳು ಒತ್ತಿದ ನಾಲ್ಕೂ ಸಲ ಯಾವ ಮೇಲೂ ಹೊರಟೇ ಇರಲಿಲ್ಲ.

ಹಾಗಾದರೆ ‘ಈ ವಿಳಾಸ ನಮ್ಮಲ್ಲಿಲ್ಲ’ ಅಂತ ನೇರವಾಗಿ ಹೇಳಬಾರದಾ? ಹೇಳದೇ ಇರುವುದಕ್ಕೆ ಒಂದು ಕಾರಣವಿದೆ. ಹಾಗೆ ಹೇಳಿದರೆ ಯಾರು ಬೇಕಾದರೂ ಸಾವಿರ ವಿಳಾಸ ಹಾಕಿ, ಯಾರ್ಯಾರ ಖಾತೆ ಅಲ್ಲಿದೆ ಅಂತ ಪಟ್ಟಿ ಮಾಡಿಕೊಳ್ಳಬಹುದು. ವಂಚಕರಿಗೆ ಅದು ಬೆಲೆಬಾಳುವ ಪಟ್ಟಿ. ಹಾಗಾಗಿ ಖಾತೆ ಇರಲಿ ಬಿಡಲಿ ಒಂದೇ ಉತ್ತರ ಕೊಡುವುದು ಭದ್ರತೆಯ ಒಳ್ಳೆಯ ಪದ್ಧತಿಯೇ. ಅದರ ಬೆಲೆ ತೆರುವವರು ಮಾತ್ರ ವಿಳಾಸ ತಪ್ಪಿದ ಪ್ರಾಮಾಣಿಕರು.

ವಿಳಾಸದ ತಪ್ಪು ಇನ್ನೂ ಬೇರೆ ರೀತಿ ಆಗಬಹುದು. ನೋಂದಣಿಯಲ್ಲೇ @ ಆದಮೇಲಿನ ಭಾಗ ತಪ್ಪಿ `gmail.con` ಅಂತಾಗಿದ್ದರೆ ಅಂಥ ಸ್ಥಳವೇ ಇಲ್ಲ. ಮೇಲ್ ತಕ್ಷಣ ವಾಪಸ್ ಹೋಗುತ್ತದೆ, ಆದರೆ ಹೋಗುವುದು ನಿಮ್ಮ ಬಳಿಗಲ್ಲ, ಕಳಿಸಿದವರ `noreply` ಪೆಟ್ಟಿಗೆಗೆ. ಹೆಸರೇ ಹೇಳುವಂತೆ ಅದನ್ನು ಯಾರೂ ತೆರೆದು ಓದುವುದಿಲ್ಲ. @ ಗಿಂತ ಮೊದಲಿನ ಭಾಗದಲ್ಲಿ ಒಂದು ಅಕ್ಷರವೋ ಅಂಕಿಯೋ ತಪ್ಪಿದ್ದರೆ ಇನ್ನೂ ಕಷ್ಟ. ಆ ವಿಳಾಸ ನಿಜವಾಗಿಯೂ ಬೇರೆ ಯಾರದೋ ಆಗಿರಬಹುದು, ನಿಮ್ಮ ಖಾತೆಯ ಬೀಗದ ಕೈ ಅವರ ಪೆಟ್ಟಿಗೆಗೆ ಹೋಗಿ ಬೀಳುತ್ತದೆ. ನಮ್ಮ ಊರುಗಳಲ್ಲಿ ಇನ್ನೊಂದು ರೂಢಿಯೂ ಇದೆ. ಹುಡುಗರಿಗೆ ಇಮೇಲ್ ನೆನಪಿಲ್ಲ ಅಂದಾಗ ಸೈಬರ್‌ನವರು ತಮ್ಮ ಅಂಗಡಿಯ ಇಮೇಲನ್ನೇ ಹಾಕಿಬಿಡುತ್ತಾರೆ. ಆಗ ಹುಡುಕಬೇಕಾದ್ದು ನಿಮ್ಮ ಫೋನಿನಲ್ಲಲ್ಲ, ಅವರ ಕಂಪ್ಯೂಟರಿನಲ್ಲಿ.

ಈ ಮೂರೂ ಸಂದರ್ಭದಲ್ಲಿ ರೀಸೆಟ್ ಬಟನ್ ನೂರು ಸಲ ಒತ್ತಿದರೂ ಪ್ರಯೋಜನವಿಲ್ಲ. ಸ್ವೀಕೃತಿ ಪತ್ರ ಅಥವಾ ನೋಂದಣಿಯಾದಾಗ ಬಂದ ಎಸ್ಸೆಮ್ಮೆಸ್ ತೆಗೆದು ವಿಳಾಸ ನೋಡಬೇಕು. ನೋಂದಣಿಯಲ್ಲೇ ತಪ್ಪಿದ್ದರೆ ಸಹಾಯವಾಣಿಯವರಿಂದಲೇ ತಿದ್ದಿಸಬೇಕು.

ಎರಡನೇ ಕಾರಣ: ಸರದಿಯಲ್ಲಿ ನಿಂತ ಮೇಲ್

ಚುಕ್ಕೆ ತೆಗೆದು 11:21ಕ್ಕೆ ಮತ್ತೆ ಒತ್ತಿಸಿದೆ. “ಒಂದೇ ಸಲ ಒತ್ತು, ಆಮೇಲೆ ಮುಟ್ಟಬೇಡ” ಅಂದೆ. ಐದು ನಿಮಿಷ ಆಯಿತು, ಹತ್ತಾಯಿತು. ಬರಲಿಲ್ಲ. ಅವಳ ಬೆರಳು ಬಟನ್ ಮೇಲೇ ಇತ್ತು ಅಂತ ಆಮೇಲೆ ಗೊತ್ತಾಯಿತು.

ಯಾಕೆ ಒತ್ತಬಾರದು ಅಂದರೆ, ಬಹಳಷ್ಟು ಜಾಲತಾಣಗಳಲ್ಲಿ ಹೊಸ ಲಿಂಕ್ ಕೇಳಿದ ಕ್ಷಣ ಹಳೇ ಲಿಂಕ್ ರದ್ದಾಗುತ್ತದೆ. ಮೇಲ್ ತಡವಾಗುತ್ತಿದೆ ಅಂತ ಮೂರು ಸಲ ಒತ್ತಿದಿರಿ ಅಂದುಕೊಳ್ಳಿ. ಅರ್ಧ ಗಂಟೆ ಕಳೆದು ಮೊದಲನೆಯದು ಬರುತ್ತದೆ. ಖುಷಿಯಿಂದ ಒತ್ತುತ್ತೀರಿ, ‘ಲಿಂಕ್ ಅಮಾನ್ಯ’ ಅನ್ನುತ್ತದೆ. ಸಿಟ್ಟಿನಿಂದ ನಾಲ್ಕನೇ ಸಲ ಕೇಳುತ್ತೀರಿ. ಈಗ ದಾರಿಯಲ್ಲಿದ್ದ ಎರಡನೆಯದು, ಮೂರನೆಯದು ಸತ್ತುಹೋದವು. ಹೀಗೆ ಸುತ್ತಿ ಸುತ್ತಿ ಇಡೀ ದಿನ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಇಮೇಲ್ ಫೋನ್ ಕರೆಯ ಹಾಗಲ್ಲ, ಅಂಚೆಯ ಹಾಗೆ. ಜಾಲತಾಣದ ಸರ್ವರ್ ಪತ್ರವನ್ನು ಹೊತ್ತುಕೊಂಡು ಜಿಮೇಲ್‌ನ ಬಾಗಿಲು ತಟ್ಟುತ್ತದೆ. ಜಿಮೇಲ್ ಮೂರರಲ್ಲಿ ಒಂದು ಉತ್ತರ ಕೊಡುತ್ತದೆ: ತೆಗೆದುಕೊಂಡೆ, ತೆಗೆದುಕೊಳ್ಳಲ್ಲ, ಅಥವಾ ‘ಈಗ ಬೇಡ, ಆಮೇಲೆ ಬಾ’. ಕೊನೆಯ ಉತ್ತರಕ್ಕೆ 4ರಿಂದ ಶುರುವಾಗುವ ಮೂರಂಕಿಯ ಸಂಕೇತ ಇರುತ್ತದೆ, `421` ಅಥವಾ `451` ಅನ್ನುವ ಹಾಗೆ. ಗುರುತಿಲ್ಲದ ಸರ್ವರ್ ಬಂದಾಗ ಕೆಲವು ಕಚೇರಿ, ಕಾಲೇಜುಗಳ ಮೇಲ್ ವ್ಯವಸ್ಥೆಗಳು ಬೇಕೆಂದೇ ಮೊದಲ ಸಲ ಹೀಗೆ ವಾಪಸ್ ಕಳಿಸುತ್ತವೆ. ಕಸದ ಮೇಲ್ ಹಂಚುವವರು ಸಾಮಾನ್ಯವಾಗಿ ಎರಡನೇ ಸಲ ಬರುವುದಿಲ್ಲ, ನಿಜವಾದ ಸರ್ವರ್ ಬರುತ್ತದೆ ಅನ್ನುವ ಲೆಕ್ಕ. ಜಿಮೇಲ್‌ನಂಥ ದೊಡ್ಡ ವ್ಯವಸ್ಥೆ ಹಾಗೆ ಹೇಳುವುದು, ಒಂದೇ ಕಡೆಯಿಂದ ಇದ್ದಕ್ಕಿದ್ದಂತೆ ಮೇಲ್‌ಗಳ ಸಂಖ್ಯೆ ಏರಿದಾಗ ಅಥವಾ ಕಳಿಸಿದವರ ಗುರುತು ಸರಿಹೋಗದಿದ್ದಾಗ.

ಅರ್ಜಿಯ ಕೊನೆಯ ದಿನ ಆಗುವುದೇ ಅದು. ವರ್ಷವೆಲ್ಲ ದಿನಕ್ಕೆ ಹತ್ತಿಪ್ಪತ್ತು ಮೇಲ್ ಕಳಿಸುತ್ತಿದ್ದ ಪುಟ್ಟ ಸರ್ವರ್ ಆವತ್ತು ಗಂಟೆಗೆ ಸಾವಿರಾರು ಕಳಿಸಲು ಹೊರಡುತ್ತದೆ. ಯಾವತ್ತು ನಿಮಗೆ ಮೇಲ್ ತುರ್ತಾಗಿ ಬೇಕೋ ಆವತ್ತೇ ಅದು ತಡವಾಗುವ ಸಂಭವ ಹೆಚ್ಚು.

ವಾಪಸ್ ಬಂದ ಸರ್ವರ್ ಮತ್ತೆ ಯಾವಾಗ ಹೋಗುತ್ತದೆ? ಅದನ್ನು ಕಳಿಸುವವರೇ ನಿಗದಿ ಮಾಡುತ್ತಾರೆ. ಬಹಳ ಕಡೆ ಬಳಕೆಯಲ್ಲಿರುವ ಪೋಸ್ಟ್‌ಫಿಕ್ಸ್ ಎಂಬ ಮೇಲ್ ತಂತ್ರಾಂಶವನ್ನು ಇದ್ದ ಹಾಗೇ ಬಿಟ್ಟರೆ ಅದು ಸುಮಾರು 5 ನಿಮಿಷಕ್ಕೆ ಒಮ್ಮೆ, 10ಕ್ಕೆ ಒಮ್ಮೆ, 20ಕ್ಕೆ, 40ಕ್ಕೆ ಹೀಗೆ ಅಂತರ ಹೆಚ್ಚಿಸುತ್ತಾ ಪ್ರಯತ್ನಿಸುತ್ತದೆ. ಐದು ದಿನದವರೆಗೂ ಬಿಡುವುದಿಲ್ಲ. ಇಮೇಲ್‌ನ ಮೂಲ ನಿಯಮಾವಳಿ ಇನ್ನೂ ನಿಧಾನದ್ದು: ಎರಡು ಪ್ರಯತ್ನಗಳ ನಡುವೆ ಕನಿಷ್ಠ 30 ನಿಮಿಷ ಇರಲಿ ಅನ್ನುತ್ತದೆ. ಅದನ್ನು ರೂಪಿಸಿದವರ ಕಣ್ಣಲ್ಲಿ ಒಂದು ಪತ್ರ ನಾಳೆ ತಲುಪಿದರೂ ತಪ್ಪಿರಲಿಲ್ಲ. ಅರ್ಧ ಗಂಟೆಯಲ್ಲಿ ಸಾಯುವ ಲಿಂಕನ್ನು ಆ ಅಂಚೆಯಲ್ಲಿ ಹಾಕಿ ಕಳಿಸುತ್ತಿರುವವರು ನಾವು.

ಮೂರನೇ ಕಾರಣ: ಗುರುತಿನ ಚೀಟಿ ಇಲ್ಲದ ಮೇಲ್

12 ಗಂಟೆ ದಾಟಿದ ಮೇಲೆ ಅವಳು ಮತ್ತೆ `in:anywhere` ಹಾಕಿ ಹುಡುಕಿದಳು. “ಬಂದಿದೆ ಮಾಮ! ಸ್ಪ್ಯಾಮ್‌ನಲ್ಲಿದೆ!” ಒತ್ತಿದರೆ: ಲಿಂಕ್ ಅವಧಿ ಮುಗಿದಿದೆ. ಮೇಲಿನಲ್ಲೇ ಬರೆದಿತ್ತು, ಈ ಲಿಂಕ್ 30 ನಿಮಿಷ ಮಾತ್ರ.

ಅವಳು ಮತ್ತೆ ಒತ್ತುವುದಕ್ಕೆ ಮೊದಲು ಎರಡು ನಿಮಿಷ ತಡೆಸಿದೆ. ಎಲ್ಲಿ ತಡವಾಯಿತು ಅನ್ನುವುದು ಆ ಮೇಲಿನೊಳಗೇ ಬರೆದಿರುತ್ತದೆ. ಜಿಮೇಲನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲಿ ತೆರೆದು, ಮೇಲಿನ ಬಲಬದಿಯ ಮೂರು ಚುಕ್ಕೆ ಒತ್ತಿದರೆ `Show original` ಅಂತ ಸಿಗುತ್ತದೆ. ಫೋನಿನ ಆ್ಯಪ್‌ನಲ್ಲಿ ಇದು ಇಲ್ಲ. ಅವಳು ಲ್ಯಾಪ್‌ಟಾಪ್‌ನಲ್ಲಿ ತೆರೆದು ನನಗೆ ಫೋಟೊ ಕಳಿಸಿದಳು. ಬೇಕಾದ ಸಾಲುಗಳನ್ನಷ್ಟೇ, ಜಾಲತಾಣದ ಹೆಸರು ಬದಲಿಸಿ ಇಲ್ಲಿ ಕೊಟ್ಟಿದ್ದೇನೆ:

```
Received: from web1.portal.example
    by mx.google.com;
    Thu, 11 Sep 2025 23:32:17 -0700 (PDT)
Received: by web1.portal.example (Postfix);
    Fri, 12 Sep 2025 11:21:09 +0530
Authentication-Results: mx.google.com;
    spf=softfail  dkim=none
```

`Received` ಅನ್ನುವುದು ಅಂಚೆ ಮುದ್ರೆ ಇದ್ದಂತೆ. ಪ್ರತಿ ಸರ್ವರ್ ತನ್ನ ಮುದ್ರೆಯನ್ನು ಮೇಲೆ ಒತ್ತುತ್ತಾ ಹೋಗುತ್ತದೆ, ಹಾಗಾಗಿ ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಮುದ್ರೆ: ಜಾಲತಾಣದ ಸರ್ವರ್ 11:21ಕ್ಕೆ ಮೇಲ್ ತಯಾರಿಸಿತು. ಅಂದರೆ ‘ಕಳುಹಿಸಲಾಗಿದೆ’ ಅಂದದ್ದು ಈ ಸಲ ನಿಜ. ಮೇಲಿನ ಮುದ್ರೆ ಜಿಮೇಲ್‌ನದು. ಅದರಲ್ಲಿ ಗುರುವಾರ ರಾತ್ರಿ 11:32 ಅಂತಿದೆ. “ಹಿಂದಿನ ದಿನವೇ ಬಂದಿತ್ತಾ?” ಅಂತ ಅವಳು ಗಾಬರಿಯಾದಳು. ಇಲ್ಲ. ಜಿಮೇಲ್ ತನ್ನ ಮುದ್ರೆಯನ್ನು ಅಮೆರಿಕದ ಪಶ್ಚಿಮ ತೀರದ ಸಮಯದಲ್ಲಿ ಒತ್ತುತ್ತದೆ. `-0700` ಅಂತಿದ್ದರೆ ಹನ್ನೆರಡೂವರೆ ಗಂಟೆ ಕೂಡಿಸಬೇಕು. ನಮ್ಮ ಸಮಯಕ್ಕೆ ಅದು ಶುಕ್ರವಾರ ಮಧ್ಯಾಹ್ನ 12:02.

ಎರಡು ಮುದ್ರೆಗಳ ನಡುವೆ 41 ನಿಮಿಷ. ತಡವಾದದ್ದು ಜಾಲತಾಣದ ಸರ್ವರ್ ಹೊರಟು ಜಿಮೇಲ್ ಬಾಗಿಲು ದಾಟುವುದರ ನಡುವೆ. ಅವಳ ಫೋನಿನಲ್ಲೂ ಅಲ್ಲ, ಅವಳ ನೆಟ್‌ವರ್ಕಿನಲ್ಲೂ ಅಲ್ಲ. 5, 10, 20, 40 ಅನ್ನುವ ಲೆಕ್ಕಕ್ಕೆ ಇದು ಸರಿಯಾಗಿ ಕೂರುತ್ತದೆ: ನಾಲ್ಕು ಸಲ ಮತ್ತೆ ಬಾಗಿಲು ತಟ್ಟಿ, ನಾಲ್ಕನೇ ಸಲ ಒಳಗೆ ಬಿಡಿಸಿಕೊಂಡ ಹಾಗಿದೆ.

ಇನ್ನು ಕೊನೆಯ ಸಾಲು, ಸ್ಪ್ಯಾಮ್ ಯಾಕಾಯಿತು ಅನ್ನುವುದಕ್ಕೆ. ಎಸ್‌ಪಿಎಫ್ ಅಂದರೆ ಒಂದು ಬಹಿರಂಗ ಪಟ್ಟಿ: ನಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಇಂತಿಂಥ ಸರ್ವರ್‌ಗಳಿಗೆ ಮಾತ್ರ ಅಧಿಕಾರ ಅಂತ ಜಾಲತಾಣದ ಮಾಲೀಕರು ಮೊದಲೇ ಪ್ರಕಟಿಸಿಟ್ಟಿರುತ್ತಾರೆ. ಡಿಕಿಮ್ ಅಂದರೆ ಪ್ರತಿ ಮೇಲಿಗೂ ಹಾಕುವ ಡಿಜಿಟಲ್ ಸಹಿ. `spf=softfail` ಅಂದರೆ ಈ ಮೇಲ್ ತಂದ ಸರ್ವರ್ ಆ ಪಟ್ಟಿಯಲ್ಲಿಲ್ಲ. `dkim=none` ಅಂದರೆ ಸಹಿಯೂ ಇಲ್ಲ. ಸಂಸ್ಥೆಯ ಕಚೇರಿ ಮೇಲ್‌ಗಳು ಒಂದು ಕಡೆಯಿಂದ ಹೋಗುತ್ತಿದ್ದು, ಆಮೇಲೆ ಯಾರೋ ಕಟ್ಟಿಕೊಟ್ಟ ಅರ್ಜಿಯ ಜಾಲತಾಣ ಇನ್ನೊಂದು ಸರ್ವರ್‌ನಿಂದ ಕಳಿಸಲು ಶುರುಮಾಡಿ, ಅದನ್ನು ಪಟ್ಟಿಗೆ ಸೇರಿಸುವುದನ್ನು ಮರೆತಾಗ ಹೀಗಾಗುತ್ತದೆ. ಬಹಳ ಸಾಮಾನ್ಯವಾದ ಮರೆವು.

ಅದರ ಮೇಲೆ ರೀಸೆಟ್ ಮೇಲ್ ಅನ್ನುವುದೇ ವಂಚಕರ ಮೇಲಿನ ಹಾಗೆ ಕಾಣುವ ವಸ್ತು. ತುರ್ತು ಒತ್ತಾಯ, ಪಾಸ್‌ವರ್ಡ್ ಅನ್ನುವ ಪದ, ಒಂದು ಉದ್ದನೆಯ ಲಿಂಕ್, ಮಾತು ಕಮ್ಮಿ. ಗುರುತಿನ ಚೀಟಿಯೂ ಇಲ್ಲದೆ ಇಂಥ ಪತ್ರ ಬಂದರೆ ಸೋಸುವ ಯಂತ್ರ ಅನುಮಾನಿಸುವುದರಲ್ಲಿ ತಪ್ಪಿಲ್ಲ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಈ ನಿಯಮಗಳನ್ನು ಬಿಗಿ ಮಾಡಿವೆ. ಜಿಮೇಲ್‌ಗೆ ಮೇಲ್ ಕಳಿಸುವವರೆಲ್ಲರೂ ಈ ಎರಡರಲ್ಲಿ ಒಂದನ್ನಾದರೂ ಹೊಂದಿರಬೇಕು, ದಿನಕ್ಕೆ 5,000 ಮುಟ್ಟುವವರಿಗೆ ಎರಡೂ ಇರಬೇಕು. ಎರಡೂ ಇಲ್ಲದವರ ಮೇಲ್ ಬಾಗಿಲಲ್ಲೇ ವಾಪಸ್ ಹೋಗುವುದೂ ಉಂಟು. ಇವಳದು ಸ್ಪ್ಯಾಮ್‌ಗಾದರೂ ಬಂತಲ್ಲ ಅಂತ ಸಮಾಧಾನಪಟ್ಟೆ.

ಆಮೇಲೆ ಏನಾಯಿತು

ಆ ಮೇಲಿಗೆ ‘ಸ್ಪ್ಯಾಮ್ ಅಲ್ಲ’ ಅಂತ ಗುರುತು ಹಾಕಿಸಿದೆ. 12:10ಕ್ಕೆ ಒಂದೇ ಒಂದು ಸಲ ಹೊಸ ಲಿಂಕ್ ಕೇಳಿಸಿದೆ. ಲ್ಯಾಪ್‌ಟಾಪ್ ಮುಂದೆಯೇ ಕೂತಿರು, ಬಂದ ಕೂಡಲೇ ಒತ್ತು, ಅಲ್ಲಿಯವರೆಗೆ ಅಂಕಪಟ್ಟಿಯ ಫೈಲ್ ಸಣ್ಣದು ಮಾಡಿಟ್ಟುಕೋ ಅಂದೆ. 12:31ಕ್ಕೆ ಬಂತು, ಈ ಸಲ ಇನ್‌ಬಾಕ್ಸ್‌ಗೆ. ಲಿಂಕಿಗೆ ಇನ್ನೂ 9 ನಿಮಿಷ ಜೀವ ಇತ್ತು. ಒಂದೂವರೆಗೆ ಅರ್ಜಿ ಸಲ್ಲಿಸಿ, “ಒಂದು ಚುಕ್ಕೆಗೆ ಇಷ್ಟೊಂದಾ ಮಾಮ?” ಅಂದಳು.

ಚುಕ್ಕೆಯ ತಪ್ಪು ಅವಳದೋ ಸೈಬರ್‌ನವರದೋ, ಇರಲಿ. ಉಳಿದ ಎರಡು ತಪ್ಪು ಖಂಡಿತ ಅವಳವಲ್ಲ. ಆದರೂ ಅವಳು ಇಡೀ ಬೆಳಗ್ಗೆ ತನ್ನದೇ ತಪ್ಪು ಅಂದುಕೊಂಡಿದ್ದಳು, ಯಾಕೆಂದರೆ ಪರದೆ ಕಳಿಸಿಯಾಗಿದೆ ಅಂತಿತ್ತು. ಮೇಲ್ ಸರ್ವರ್ ನೋಡಿಕೊಂಡ ಮಾಮ ಇಲ್ಲದ ಹುಡುಗಿ ಐದಕ್ಕೆ ಅಳುತ್ತಾ ಲ್ಯಾಪ್‌ಟಾಪ್ ಮುಚ್ಚುತ್ತಿದ್ದಳು. ಅವಳ ಅರ್ಜಿ ಬರಲಿಲ್ಲ ಅಂತ ಆ ಸಂಸ್ಥೆಗೆ ಗೊತ್ತೂ ಆಗುತ್ತಿರಲಿಲ್ಲ.

ಅರ್ಜಿ ಕರೆಯುವವರು ಮಾಡಬಹುದಾದ್ದು ದುಬಾರಿ ಕೆಲಸವೇನಲ್ಲ. ತಮ್ಮ ಸರ್ವರನ್ನು ಆ ಪಟ್ಟಿಗೆ ಸೇರಿಸಿ, ಮೇಲಿಗೆ ಸಹಿ ಹಾಕಿಸುವುದು ಗೊತ್ತಿದ್ದವರಿಗೆ ಅರ್ಧ ದಿನದ ಕೆಲಸ. ಲಿಂಕಿನ ಆಯಸ್ಸನ್ನು 30 ನಿಮಿಷದಿಂದ ಕೆಲವು ಗಂಟೆಗಳಿಗೆ ಏರಿಸಬಹುದು. ಒಮ್ಮೆ ಮಾತ್ರ ಬಳಸಬಹುದಾದ ಲಿಂಕ್ ಆದರೆ ವಿದ್ಯಾರ್ಥಿವೇತನದ ಅರ್ಜಿಗೆ ಅಷ್ಟು ಭದ್ರತೆ ಸಾಕು. ನೋಂದಣಿಯಾಗದ ವಿಳಾಸ ಬಂದರೆ, ಪರದೆಯ ಮೇಲೆ ಏನೂ ಬಿಟ್ಟುಕೊಡದೆ ಆ ವಿಳಾಸಕ್ಕೇ ಒಂದು ಮೇಲ್ ಕಳಿಸಬಹುದು: ಈ ವಿಳಾಸದಲ್ಲಿ ನಮ್ಮಲ್ಲಿ ಖಾತೆಯಿಲ್ಲ, ಬೇರೆ ರೀತಿ ಬರೆದಿದ್ದಿರಾ ನೋಡಿ ಅಂತ. ಇವಳಿಗೆ ಅಂಥದ್ದೊಂದು ಬಂದಿದ್ದರೆ ಮೊದಲ ಸಲವೇ ಚುಕ್ಕೆ ನೆನಪಾಗುತ್ತಿತ್ತು.

ಎಲ್ಲಕ್ಕಿಂತ ಮೊದಲು ಆ ವಾಕ್ಯ ಬದಲಾಗಲಿ. ‘ಲಿಂಕ್ ಕಳುಹಿಸಲಾಗಿದೆ’ ಅನ್ನುವ ಬದಲು ‘ತಲುಪಲು ಒಂದು ಗಂಟೆಯವರೆಗೂ ಆಗಬಹುದು, ಸ್ಪ್ಯಾಮ್‌ನಲ್ಲೂ ನೋಡಿ, ಮತ್ತೆ ಒತ್ತಬೇಡಿ, ನೋಂದಣಿ ಪತ್ರದಲ್ಲಿರುವ ಇಮೇಲನ್ನೇ ಹಾಕಿ’ ಅಂತ ಬರೆಯಲಿ. ಸಂಜೆ ಐದರ ಗಡುವನ್ನು ಎದುರಿಟ್ಟುಕೊಂಡು ಕೂತವರಿಗೆ ಅಷ್ಟಾದರೂ ಗೊತ್ತಿರಬೇಕು.